ಸಿಗ್ನಲ್ ಹೋಯಿತೆಂದರೆ ಮಳೆ ಎಂದುಕೊಂಡು ಸುಮ್ಮನಿರಬೇಡಿ

ನನ್ನ ಕೈಯಲ್ಲಿರುವುದು ಒಂದು ಹಳೆಯ ಸಿಮ್. ಹಿಂದೆ ಕೂತವರಿಗೆ ಕಾಣಲಿಕ್ಕಿಲ್ಲ, ಹಾಗಾಗಿ ಇದರ ಮೇಲೆ ಏನು ಬರೆದಿದೆ ಅಂತ ಓದಿ ಹೇಳುತ್ತೇನೆ. ಎಂಟು, ಒಂಬತ್ತು, ಒಂಬತ್ತು, ಒಂದು ಅಂತ ಶುರುವಾಗುತ್ತದೆ. ಆಮೇಲೆ ಇನ್ನೂ ಹದಿನೈದು ಹದಿನಾರು ಅಂಕಿಗಳಿವೆ. 89 ಅಂದರೆ ಟೆಲಿಫೋನಿಗೆ ಸಂಬಂಧಪಟ್ಟದ್ದು, 91 ಅಂದರೆ ಭಾರತ. ಇದು ಈ ಪ್ಲಾಸ್ಟಿಕ್ ತುಂಡಿನ ನಂಬರ್. ನನ್ನ ಮೊಬೈಲ್ ನಂಬರ್ ಇದರ ಮೇಲೆ ಎಲ್ಲೂ ಇಲ್ಲ. ಬದಿಯಡ್ಕದಲ್ಲಿ ಅಂಗಡಿ ಇಟ್ಟುಕೊಂಡು ವರ್ಷಗಟ್ಟಲೆ ಸಿಮ್ ಮಾರಿದವನು ನಾನು. ಆದರೂ ಇದರ ಅರ್ಥ ನನಗೆ ಸರಿಯಾಗಿ ತಲೆಗೆ ಹೋದದ್ದು ನಮ್ಮ ಮನೆಯಲ್ಲೇ ಸಿಮ್ ಸ್ವಾಪ್ ಅನ್ನುವ ಮೋಸ ನಡೆದ ಮೇಲೆ.

ನಿಮ್ಮ ಸಿಮ್ ಕಳೆದುಹೋದರೆ ನೀವು ಏನು ಮಾಡುತ್ತೀರಿ? ಆಧಾರ್ ಹಿಡಿದುಕೊಂಡು ಅಂಗಡಿಗೆ ಬರುತ್ತೀರಿ, ಡೂಪ್ಲಿಕೇಟ್ ಸಿಮ್ ಕೊಡಿ ಅನ್ನುತ್ತೀರಿ. ನನ್ನ ಮೇಜಿನ ಖಾನೆಯಲ್ಲಿ ಖಾಲಿ ಸಿಮ್‌ಗಳ ಕಟ್ಟು ಇರುತ್ತಿತ್ತು. ಅದರಿಂದ ಒಂದನ್ನು ತೆಗೆದು, ಅದರ ಉದ್ದದ ನಂಬರನ್ನು ಕಂಪನಿಯ ಆ್ಯಪ್‌ನಲ್ಲಿ ಹಾಕಿ, ಪಕ್ಕದಲ್ಲಿ ನಿಮ್ಮ ಮೊಬೈಲ್ ನಂಬರ್ ಹಾಕಿ, ನಿಮ್ಮ ಬೆರಳಚ್ಚೋ ಫೋಟೋವೋ ತೆಗೆದುಕೊಂಡು ಕಳುಹಿಸುತ್ತಿದ್ದೆ. ಕಂಪನಿಯ ಕಂಪ್ಯೂಟರಿನಲ್ಲಿ ಒಂದು ದೊಡ್ಡ ಪಟ್ಟಿ ಇದೆ ಅಂದುಕೊಳ್ಳಿ. ಈ ಮೊಬೈಲ್ ನಂಬರಿಗೆ ಬಂದ ಕರೆ, ಮೆಸೇಜು ಎಲ್ಲ ಈ ಸಿಮ್‌ಗೆ ಹೋಗಬೇಕು ಅಂತ ಅದರಲ್ಲಿ ಒಂದೊಂದು ಸಾಲು. ನಾನು ಮಾಡುತ್ತಿದ್ದದ್ದು ಆ ಸಾಲಿನಲ್ಲಿ ಹಳೆಯ ಸಿಮ್ ಅಳಿಸಿ ಹೊಸ ಸಿಮ್ ಬರೆಸುವುದು, ಅಷ್ಟೇ. ಅದು ಬದಲಾದ ಕ್ಷಣಕ್ಕೆ ಹಳೆಯ ಸಿಮ್ ಸತ್ತುಹೋಗುತ್ತದೆ. ಅದು ಯಾರ ಫೋನಿನಲ್ಲಿ, ಯಾವ ಊರಿನಲ್ಲಿ ಇದ್ದರೂ ಸರಿ.

ಸಿಮ್ ಸ್ವಾಪ್ ಅಂತ ಪೇಪರಿನಲ್ಲಿ ಬರುವ ಮೋಸ ಇದೇ. ಕಳ್ಳ ನಿಮ್ಮ ಫೋನ್ ಮುಟ್ಟುವುದಿಲ್ಲ. ನಿಮ್ಮ ಮನೆ ಹತ್ತಿರವೂ ಸುಳಿಯುವುದಿಲ್ಲ. ಎಲ್ಲೋ ಒಂದು ಊರಿನ ಕೌಂಟರಿನಲ್ಲಿ ತಾನೇ ನೀವು ಅಂತ ಹೇಳಿ ಆ ಒಂದು ಸಾಲನ್ನು ಬದಲಾಯಿಸುತ್ತಾನೆ.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ನನ್ನ ಸೋದರಮಾವ ರಿಟೈರ್ಡ್ ಮಾಷ್ಟ್ರು. ಪೆರ್ಲದಿಂದ ಒಳಗೆ ಮನೆ, ಸುತ್ತ ಅಡಿಕೆ ತೋಟ. ಆಟಿ ತಿಂಗಳು, ಜೋರು ಮಳೆ. ಗುರುವಾರ ಅವರಿಗೆ ಬ್ಯಾಂಕಿನದ್ದೆಂದು ಒಂದು ಮೆಸೇಜು ಬಂತು, ಕೆವೈಸಿ ಅವಧಿ ಮುಗಿದಿದೆ, ಲಿಂಕ್ ಒತ್ತಿ ಅಂತ. ಒತ್ತಿದರು. ಬ್ಯಾಂಕಿನ ಪೇಜಿನ ಹಾಗೆಯೇ ಕಾಣುವ ಪೇಜು. ನೆಟ್ ಬ್ಯಾಂಕಿಂಗ್ ಐಡಿ, ಪಾಸ್‌ವರ್ಡ್, ಆಧಾರ್ ನಂಬರ್, ಹುಟ್ಟಿದ ದಿನ ಎಲ್ಲ ಹಾಕಿದರು. ಒಟಿಪಿ ಮಾತ್ರ ಕೊಡಲಿಲ್ಲ. ಒಟಿಪಿ ಯಾರಿಗೂ ಹೇಳಬಾರದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು, ಅಷ್ಟು ಹುಷಾರು ಇದ್ದಾರೆ. ಹಾಗಾಗಿ ತಾನು ತಪ್ಪಿಸಿಕೊಂಡೆ ಅಂತಲೇ ತಿಳಿದುಕೊಂಡರು.

ಆದರೆ ಒಟಿಪಿ ಕೇಳುವ ಅಗತ್ಯವೇ ಕಳ್ಳನಿಗೆ ಇರಲಿಲ್ಲ. ಪಾಸ್‌ವರ್ಡ್ ಸಿಕ್ಕಿತ್ತು. ಇನ್ನು ಒಟಿಪಿ ಬರುವ ಜಾಗವನ್ನೇ ತನ್ನ ಕಡೆ ತಿರುಗಿಸಿಕೊಂಡರೆ ಆಯಿತು.

ಶುಕ್ರವಾರ ರಾತ್ರಿ ಮಾವನ ಫೋನಿಗೆ ಕರೆಯ ಮೇಲೆ ಕರೆ. ಎತ್ತಿದರೆ ಆ ಕಡೆ ಸದ್ದಿಲ್ಲ. ಹನ್ನೊಂದು ಗಂಟೆ ಆದರೂ ನಿಲ್ಲಲಿಲ್ಲ. ಅತ್ತೆ ಬೈದರು, ಮಾವ ಫೋನ್ ಸ್ವಿಚ್ ಆಫ್ ಮಾಡಿ ಮಲಗಿದರು. ನಾವಾದರೂ ಅದನ್ನೇ ಮಾಡುತ್ತಿದ್ದೆವು, ಅಲ್ವಾ? ಆ ಕರೆಗಳು ಬಂದದ್ದೇ ಫೋನ್ ಆಫ್ ಮಾಡಿಸಲಿಕ್ಕೆ. ಯಾಕೆಂದರೆ ಸಿಮ್ ಬದಲಿಸಲು ಯಾರಾದರೂ ಕೇಳಿದರೆ ಹಳೆಯ ಸಿಮ್‌ಗೆ ಒಂದು ಮೆಸೇಜು ಬರುತ್ತದೆ. ಅದನ್ನು ನೀವು ಆ ಹೊತ್ತಿಗೆ ನೋಡಬಾರದು.

ಬೆಳಿಗ್ಗೆ ಫೋನ್ ಆನ್ ಮಾಡಿದಾಗ ಹನ್ನೊಂದು ಮೆಸೇಜು ಬಂದಿದ್ದವು. ನಾನು ಆಮೇಲೆ ಕೂತು ಒಂದೊಂದಾಗಿ ನೋಡಿದೆ. ರೀಚಾರ್ಜ್ ಆಫರ್, ಮಿಸ್ಡ್ ಕಾಲ್ ಲೆಕ್ಕ, ಸಾಲ ಬೇಕಾ ಅಂತ ಎರಡು, ಮತ್ತೆ ರೀಚಾರ್ಜ್. ಅವುಗಳ ನಡುವೆ ಇಂಗ್ಲಿಷಿನಲ್ಲಿ ಒಂದು ಮೆಸೇಜು: ಸಿಮ್ ಬದಲಿಸಲು ನಿಮ್ಮ ಕೋರಿಕೆ ಬಂದಿದೆ, ನೀವು ಕೇಳಿಲ್ಲವಾದರೆ ಕೂಡಲೇ ತಿಳಿಸಿ. ಮಾವ ಅದನ್ನು ತೆರೆದೇ ಇರಲಿಲ್ಲ. ದಿನಕ್ಕೆ ಇಪ್ಪತ್ತು ಜಾಹೀರಾತು ಕಳುಹಿಸುವ ಅದೇ ಹೆಸರಿನಿಂದ ಇಂಥದ್ದೂ ಬಂದರೆ ವಯಸ್ಸಾದವರು ಹೇಗೆ ಕಂಡುಹಿಡಿಯಬೇಕು? ಇದು ನನಗೆ ಈಗಲೂ ಹೊಟ್ಟೆ ಉರಿಸುವ ಸಂಗತಿ.

ಶನಿವಾರ ಸಂಜೆ ನಾಲ್ಕು ಗಂಟೆಗೆ ಸಿಗ್ನಲ್ ಹೋಯಿತು. ಮಳೆ ಬರುತ್ತಿತ್ತು, ಕರೆಂಟೂ ಇರಲಿಲ್ಲ. ನಮ್ಮ ಕಡೆ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ, ಇದು ಹೊಸತಲ್ಲ. ಯಾರಿಗೂ ಏನೂ ಅನ್ನಿಸಲಿಲ್ಲ. ಭಾನುವಾರ ಬೆಳಿಗ್ಗೆಯೂ ಬರಲಿಲ್ಲ. ಸೋಮವಾರ ನೋಡುವ ಅಂತ ಬಿಟ್ಟರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹೊಸ ಸಿಮ್ ಹಾಕಿದ ಕೂಡಲೇ ಕಳ್ಳನಿಗೆ ಒಟಿಪಿ ಮೆಸೇಜು ಬರುವುದಿಲ್ಲ. 2022ರ ಕೊನೆಗೆ ಕೇಂದ್ರ ಟೆಲಿಕಾಂ ಇಲಾಖೆ ಒಂದು ಆದೇಶ ಮಾಡಿತು: ಸಿಮ್ ಬದಲಿಸಿದ ಮೇಲೆ 24 ಗಂಟೆ ಆ ನಂಬರಿಗೆ ಎಸ್ಸೆಮ್ಮೆಸ್ ಬರಲೂಬಾರದು, ಹೋಗಲೂಬಾರದು. ನೀವು ಡೂಪ್ಲಿಕೇಟ್ ಸಿಮ್ ತೆಗೆದಾಗ ಒಂದು ದಿನ ಒಟಿಪಿ ಬರದೆ ನನ್ನ ಅಂಗಡಿಗೆ ಬಂದು ಜಗಳ ಮಾಡಿದವರು ಇಲ್ಲೇ ಕೂತಿದ್ದೀರಿ. ಆ ಒಂದು ದಿನ ಇಟ್ಟದ್ದು ಇದಕ್ಕೇ. ಸಿಮ್ಮಿನ ನಿಜವಾದ ಮಾಲೀಕನಿಗೆ ಎಚ್ಚರ ಆಗಲಿ ಅಂತ ಕೊಟ್ಟ ಸಮಯ ಅದು. ಮಾವನಿಗೆ ಶನಿವಾರ ನಾಲ್ಕರಿಂದ ಭಾನುವಾರ ನಾಲ್ಕರ ತನಕ ಪೂರ್ತಿ 24 ಗಂಟೆ ಇತ್ತು. ಆ ಹೊತ್ತೆಲ್ಲ ಮಳೆ ನಿಲ್ಲಲಿ ಅಂತ ಕಾಯುತ್ತಾ ಕಳೆದುಹೋಯಿತು.

ಭಾನುವಾರ ಸಂಜೆ ಎಸ್ಸೆಮ್ಮೆಸ್ ಶುರುವಾಯಿತು, ಕಳ್ಳನ ಫೋನಿನಲ್ಲಿ. ಅವನು ಮಾವನ ಐಡಿ, ಪಾಸ್‌ವರ್ಡ್ ಹಾಕಿ ನೆಟ್ ಬ್ಯಾಂಕಿಂಗ್ ತೆರೆದ, ಒಟಿಪಿ ಅವನಿಗೇ ಹೋಯಿತು. ಹಣ ಕಳುಹಿಸಲು ಒಂದು ಹೊಸ ಖಾತೆ ಸೇರಿಸಿದ, ಅದರ ಒಟಿಪಿಯೂ ಅವನಿಗೇ. ಮಾವನ ಬ್ಯಾಂಕಿನಲ್ಲಿ ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ದಿನ ಐವತ್ತು ಸಾವಿರಕ್ಕಿಂತ ಜಾಸ್ತಿ ಕಳುಹಿಸಲು ಆಗುವುದಿಲ್ಲ. ಹಾಗಾಗಿ ಐವತ್ತು ಸಾವಿರ ಹೋಯಿತು, ಎರಡು ಲಕ್ಷ ಚಿಲ್ಲರೆ ಉಳಿಯಿತು. ಖಾತೆಯಿಂದ ಹಣ ಹೋಗಿದೆ ಅಂತ ಬ್ಯಾಂಕ್ ಕಳುಹಿಸುವ ಮೆಸೇಜು ಕೂಡ ಕಳ್ಳನಿಗೇ ಹೋಯಿತು ಅಂತ ಬೇರೆ ಹೇಳಬೇಕಾಗಿಲ್ಲ. ಸೋಮವಾರ ಬೆಳಿಗ್ಗೆ ಮಾವ ನನ್ನ ಅಂಗಡಿಗೆ ಬಂದರು, ಸಿಮ್ ಹಾಳಾಗಿದೆ, ನೋಡು ಮಗಾ ಅಂತ. ನಾನು ಸಿಸ್ಟಮ್‌ನಲ್ಲಿ ಹಾಕಿ ನೋಡಿದರೆ ಶನಿವಾರವೇ ಸಿಮ್ ಬದಲಾಗಿದೆ ಅಂತ ತೋರಿಸುತ್ತಿದೆ. ನನ್ನ ಕೈಕಾಲು ತಣ್ಣಗಾಯಿತು. ಅಲ್ಲಿಂದಲೇ 1930ಕ್ಕೆ ಕರೆ ಮಾಡಿದೆವು. ಹದಿನೆಂಟು ಸಾವಿರ ಮುಂದಿನ ಖಾತೆಯಲ್ಲಿ ಇನ್ನೂ ಇತ್ತು, ಅದನ್ನು ತಡೆಹಿಡಿದರು. ಉಳಿದದ್ದು ಅಷ್ಟರೊಳಗೆ ಎಟಿಎಮ್‌ನಿಂದ ಹೊರಗೆ ಹೋಗಿತ್ತು.

ಹಾಗಾದರೆ ಟವರ್ ಹೋದದ್ದೋ ಸಿಮ್ ಹೋದದ್ದೋ ಅಂತ ತಿಳಿಯುವುದು ಹೇಗೆ? ಕಷ್ಟ ಇಲ್ಲ, ಎರಡು ನಿಮಿಷದ ಕೆಲಸ. ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಅದೇ ಕಂಪನಿಯ ಸಿಮ್ ಇರುವ ಇನ್ನೊಂದು ಫೋನ್ ನೋಡಿ. ಅದರಲ್ಲಿ ಸಿಗ್ನಲ್ ಇದ್ದು ನಿಮ್ಮದರಲ್ಲಿ ಇಲ್ಲ ಅಂದರೆ ಅದು ಮಳೆಯ ಕೆಲಸ ಅಲ್ಲ. ಒಮ್ಮೆ ಆಫ್ ಮಾಡಿ ಆನ್ ಮಾಡಿ. ಆಗಲೂ ಬರದಿದ್ದರೆ ಬೇರೆ ಫೋನಿನಿಂದ ನಿಮ್ಮ ನಂಬರಿಗೇ ಕರೆ ಮಾಡಿ. ನಿಮ್ಮ ಕೈಯಲ್ಲಿರುವ ಫೋನ್ ಸುಮ್ಮನಿದ್ದು ಆ ಕಡೆ ರಿಂಗ್ ಆಗುತ್ತಿದೆ ಅಂದರೆ ನಿಮ್ಮ ನಂಬರ್ ಇನ್ನೊಬ್ಬನ ಕೈಯಲ್ಲಿದೆ ಅಂತಲೇ ತಿಳಿಯಿರಿ. ಸ್ವಿಚ್ ಆಫ್ ಅಂತ ಬಂದರೆ ಮಾತ್ರ ಏನೂ ಇಲ್ಲ ಅಂತ ಧೈರ್ಯ ಮಾಡಬೇಡಿ, ಕಳ್ಳ 24 ಗಂಟೆ ಕಳೆಯಲಿ ಅಂತ ಫೋನ್ ಆಫ್ ಮಾಡಿ ಇಟ್ಟಿರಬಹುದು. ಹಾಗಿದ್ದಾಗ ಬೇರೆ ಫೋನಿನಿಂದ ಕಂಪನಿಯ ಕಸ್ಟಮರ್ ಕೇರ್‌ಗೆ ಕರೆ ಮಾಡಿ, ನನ್ನ ನಂಬರಿನಲ್ಲಿ ಸಿಮ್ ಬದಲಾಗಿದೆಯಾ ಅಂತ ಇದೊಂದೇ ಪ್ರಶ್ನೆ ಕೇಳಿ. ಹೌದು ಅಂದರೆ ನಂಬರ್ ಬ್ಲಾಕ್ ಮಾಡಿಸಿ, ಕೂಡಲೇ ಬ್ಯಾಂಕಿಗೆ ಕರೆ ಮಾಡಿ ನೆಟ್ ಬ್ಯಾಂಕಿಂಗ್, ಯುಪಿಐ ನಿಲ್ಲಿಸಿ. ಹಣ ಹೋಗಿದ್ದರೆ 1930. ಪೊಲೀಸ್ ಸ್ಟೇಷನ್ನಿಗೆ ಆಮೇಲೆ ಹೋದರೂ ಆಗುತ್ತದೆ, ಮೊದಲು ಈ ಕರೆಗಳು.

ಒಂದು ಮಾತು ಸೇರಿಸಬೇಕು. ಆ 24 ಗಂಟೆಯ ತಡೆ ಇರುವುದು ಎಸ್ಸೆಮ್ಮೆಸ್‌ಗೆ ಮಾತ್ರ, ಕರೆಗೆ ಅಲ್ಲ. ವಾಟ್ಸಾಪ್ ಹೊಸ ಫೋನಿನಲ್ಲಿ ಹಾಕುವಾಗ ಆರು ಅಂಕಿಯ ಕೋಡ್ ಬರುತ್ತದಲ್ಲ, ಅದನ್ನು ಮೆಸೇಜಿನ ಬದಲು ಕರೆ ಮಾಡಿ ಹೇಳು ಅಂತಲೂ ಕೇಳಬಹುದು. ಹಾಗಾಗಿ ಹಣ ಹೋಗುವ ಮೊದಲೇ ನಿಮ್ಮ ವಾಟ್ಸಾಪ್ ಹೋಗಿರಬಹುದು. ನಿಮ್ಮ ಹೆಸರಿನಲ್ಲಿ ಗಲ್ಫಿನಲ್ಲಿರುವ ಭಾವನಿಗೆ ಅರ್ಜೆಂಟ್ ಹಣ ಬೇಕು ಅಂತ ಮೆಸೇಜು ಹೋಗಿದೆ ಅಂದರೆ ಅದೂ ಒಂದು ಸೂಚನೆ ಅಂತ ತಿಳಿಯಿರಿ.

ಈಗ ಪಿನ್ ವಿಷಯ. ಮಾವನ ಕಥೆ ಹೇಳಿದಾಗಲೆಲ್ಲ ಯಾರಾದರೂ ಒಬ್ಬರು ಹೇಳುತ್ತಾರೆ, ನಾನು ಸಿಮ್‌ಗೆ ಪಿನ್ ಹಾಕಿದ್ದೇನೆ, ನನಗೆ ತೊಂದರೆ ಇಲ್ಲ ಅಂತ. ದಯವಿಟ್ಟು ಇದನ್ನು ಸರಿಯಾಗಿ ಕೇಳಿ. ಪಿನ್ ಎರಡು ಬಗೆ. ಎರಡಕ್ಕೂ ಜನ ಒಂದೇ ಹೆಸರು ಹೇಳುವುದರಿಂದ ಗೊಂದಲ ಆಗುತ್ತದೆ.

ಒಂದು ಸಿಮ್ ಪಿನ್. ಫೋನಿನ Settings ಒಳಗೆ Security ಭಾಗದಲ್ಲಿ SIM lock ಅಂತ ಇರುತ್ತದೆ. ಅದನ್ನು ಹಾಕಿದರೆ ಫೋನ್ ಆನ್ ಮಾಡುವಾಗಲೂ ಸಿಮ್ಮನ್ನು ಬೇರೆ ಫೋನಿಗೆ ಹಾಕಿದಾಗಲೂ ಪಿನ್ ಕೇಳುತ್ತದೆ. ಬಸ್ಸಿನಲ್ಲಿ ಫೋನ್ ಕದ್ದವನು ಸಿಮ್ ತೆಗೆದು ತನ್ನ ಫೋನಿಗೆ ಹಾಕಿ ನಿಮ್ಮ ಒಟಿಪಿ ಓದದ ಹಾಗೆ ಅದು ತಡೆಯುತ್ತದೆ. ಒಳ್ಳೆಯದೇ, ಹಾಕಿ. ಆದರೆ ಮೊದಲಿಂದ ಇರುವ ಪಿನ್ ಯಾವುದು ಅಂತ ಕಂಪನಿಯಿಂದ ಕೇಳಿ ತಿಳಿದುಕೊಂಡು ಹಾಕಿ, ಅಂದಾಜಿಗೆ ಒತ್ತಬೇಡಿ. ಮೂರು ಸಲ ತಪ್ಪಾದರೆ ಸಿಮ್ ಲಾಕ್ ಆಗಿ ಎಂಟು ಅಂಕಿಯ ಪಿಯುಕೆ ಅನ್ನುವ ಇನ್ನೊಂದು ಕೋಡ್ ಕೇಳುತ್ತದೆ, ಅದನ್ನೂ ಹತ್ತು ಸಲ ತಪ್ಪಿಸಿದರೆ ಆ ಸಿಮ್ ಬಿಸಾಡಬೇಕು. ಈ ಪಿನ್ ಕಾಯುವುದು ಪ್ಲಾಸ್ಟಿಕ್ ತುಂಡನ್ನು. ಸಿಮ್ ಸ್ವಾಪ್ ಮಾಡುವವನಿಗೆ ಆ ತುಂಡು ಬೇಡವೇ ಬೇಡ, ಅವನು ಬದಲಿಸುವುದು ಕಂಪನಿಯ ಪಟ್ಟಿಯ ಸಾಲನ್ನು. ಹಾಗಾಗಿ ಅವನ ಮುಂದೆ ಸಿಮ್ ಪಿನ್ ಏನೂ ಪ್ರಯೋಜನ ಇಲ್ಲ.

ಇನ್ನೊಂದು ಕಂಪನಿಯ ಹತ್ತಿರ ಇಡುವ ಪಿನ್. ಅದು ಆ ಸಾಲಿಗೆ ಹಾಕುವ ಬೀಗ. ಅಮೆರಿಕದಲ್ಲಿ ಇದು ಇದೆ. ಅಲ್ಲಿ ಅಕೌಂಟಿಗೆ ಒಂದು ಪಿನ್ ಇಟ್ಟರೆ ಕಸ್ಟಮರ್ ಕೇರ್‌ನವರು ಏನಾದರೂ ಬದಲಿಸುವ ಮೊದಲು ಅದನ್ನು ಕೇಳುತ್ತಾರೆ. ಅದರ ಮೇಲೆ ಇನ್ನೊಂದು ಸ್ವಿಚ್ಚೂ ಇದೆ. ವೆರಿಝಾನ್ ಅದನ್ನು SIM Protection ಅಂತ ಕರೆಯುತ್ತದೆ, ಟಿ-ಮೊಬೈಲ್‌ನದ್ದೂ SIM Protection, ಎಟಿ ಆ್ಯಂಡ್ ಟಿಯದ್ದು Wireless Account Lock. ಅದನ್ನು ಆನ್ ಮಾಡಿಟ್ಟರೆ ನೀವೇ ಅಕೌಂಟಿನ ಒಳಗೆ ಹೋಗಿ ಆಫ್ ಮಾಡುವ ತನಕ ಸಿಮ್ ಬದಲಾಗುವುದಿಲ್ಲ.

ಈ ಸ್ವಿಚ್ಚು ಯಾಕೆ ಬೇಕಾಯಿತು ಅಂತ ತಿಳಿಯಲು ಒಂದು ಕೇಸು ಹೇಳುತ್ತೇನೆ. 2024ರ ಜನವರಿ 9ರಂದು ಅಮೆರಿಕದ ಷೇರುಪೇಟೆಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಸ್‌ಇಸಿಯ ಎಕ್ಸ್, ಅಂದರೆ ಹಿಂದಿನ ಟ್ವಿಟರ್, ಖಾತೆಯಲ್ಲಿ ಬಿಟ್‌ಕಾಯಿನ್ ಫಂಡುಗಳಿಗೆ ಒಪ್ಪಿಗೆ ಕೊಟ್ಟಿದ್ದೇವೆ ಅಂತ ಒಂದು ಸುಳ್ಳು ಪೋಸ್ಟ್ ಬಂತು. ಬಿಟ್‌ಕಾಯಿನ್ ಬೆಲೆ ಸಾವಿರ ಡಾಲರಿಗಿಂತ ಜಾಸ್ತಿ ಏರಿ, ಸುಳ್ಳು ಅಂತ ಗೊತ್ತಾದ ಮೇಲೆ ಎರಡು ಸಾವಿರಕ್ಕಿಂತ ಜಾಸ್ತಿ ಇಳಿಯಿತು. ಇದನ್ನು ಮಾಡಿದ್ದು ದೊಡ್ಡ ಕಂಪ್ಯೂಟರ್ ಪಂಡಿತನೂ ಅಲ್ಲ. ಅಲಬಾಮಾದ ಇಪ್ಪತ್ತೈದರ ಆಸುಪಾಸಿನ ಒಬ್ಬ ಹುಡುಗ ತನ್ನ ಪ್ರಿಂಟರಿನಿಂದ ನಕಲಿ ಗುರುತಿನ ಚೀಟಿ ಮಾಡಿದ. ಮೊಬೈಲ್ ಕಂಪನಿಯ ಅಂಗಡಿಗೆ ಹೋಗಿ, ನಾನು ಎಫ್‌ಬಿಐನವನು, ಫೋನ್ ಒಡೆದುಹೋಯಿತು, ಹೊಸ ಸಿಮ್ ಬೇಕು ಅಂದ. ಕೊಟ್ಟರು. ಅಲ್ಲಿಂದ ಇನ್ನೊಂದು ಅಂಗಡಿಗೆ ಹೋಗಿ ಐಫೋನ್ ಕೊಂಡು ಅದಕ್ಕೆ ಸಿಮ್ ಹಾಕಿದ. ಎಕ್ಸ್ ಖಾತೆಯ ಕೋಡ್ ಬಂದಾಗ ತನ್ನ ಇನ್ನೊಂದು ಫೋನಿನಿಂದ ಅದರ ಫೋಟೋ ತೆಗೆದು ಜೊತೆಯವರಿಗೆ ಕಳುಹಿಸಿದ. ಕೆಲಸ ಮುಗಿಯಿತು. ಆಮೇಲೆ ಐಫೋನನ್ನು ವಾಪಸ್ ಕೊಟ್ಟು ದುಡ್ಡನ್ನೂ ತೆಗೆದುಕೊಂಡ! 2025ರ ಮೇ ತಿಂಗಳಲ್ಲಿ ಅವನಿಗೆ 14 ತಿಂಗಳು ಜೈಲು ಆಯಿತು.

ಆ ಕೌಂಟರಿನಲ್ಲಿ ನಿಂತಿದ್ದ ಹುಡುಗನ ಜಾಗದಲ್ಲಿ ನನ್ನನ್ನು ಇಟ್ಟು ನೋಡುತ್ತೇನೆ. ಎದುರಿಗೆ ಗಿರಾಕಿ, ಕೈಯಲ್ಲಿ ಚೀಟಿ, ಚೀಟಿಯ ಫೋಟೋಕ್ಕೂ ಮುಖಕ್ಕೂ ತಾಳೆ ಇದೆ, ಹಿಂದೆ ಇನ್ನೂ ನಾಲ್ಕು ಜನ ಕಾಯುತ್ತಿದ್ದಾರೆ. ನಾನೂ ಕೊಡುತ್ತಿದ್ದೆ. ಅದಕ್ಕೇ ನಾನು ಹೇಳುವುದು, ಕೌಂಟರಿನವನ ಕಣ್ಣನ್ನು ನಂಬಿ ಕೂರುವ ಹಾಗಿಲ್ಲ, ಅವನು ಮನಸ್ಸು ಮಾಡಿದರೂ ತೆರೆಯಲಾಗದ ಬೀಗ ಬೇಕು. ಇನ್ನೊಂದು ವಿಷಯ ಗಮನಿಸಿ. ಎಸ್‌ಇಸಿಯವರು ಆ ಖಾತೆಯ ಎರಡನೇ ಹಂತದ ಭದ್ರತೆಯನ್ನು 2023ರ ಜುಲೈಯಲ್ಲಿ ಲಾಗಿನ್ ಮಾಡಲು ಕಿರಿಕಿರಿ ಆಗುತ್ತದೆ ಅಂತ ತೆಗೆಸಿದ್ದರು, ಮತ್ತೆ ಹಾಕಿರಲಿಲ್ಲ. ಹಾಗಾಗಿ ನಂಬರ್ ಒಂದು ಸಿಕ್ಕಿದ್ದೇ ಸಾಕಾಯಿತು, ಪಾಸ್‌ವರ್ಡನ್ನೂ ಅದರಿಂದಲೇ ಬದಲಿಸಿದರು.

ನಮ್ಮಲ್ಲಿ ಏನಿದೆ ಅಂತ ನೀವು ಕೇಳುತ್ತೀರಿ. ಅಮೆರಿಕದ ಹಾಗೆ ನಾವೇ ಇಡುವ ಪಿನ್ ನಮ್ಮ ಕಂಪನಿಗಳಲ್ಲಿ ಸಾಮಾನ್ಯವಾಗಿ ಇಲ್ಲ. ಇಲ್ಲಿ ಆಧಾರ್, ಬೆರಳು, ಫೋಟೋ, ಒಟಿಪಿ ಇವುಗಳೇ ಬೀಗ. ಅಂಥ ಪಿನ್ ಬೇಕು ಅಂತ ನಾವು ಗಟ್ಟಿಯಾಗಿ ಕೇಳಲೇಬೇಕು. ಅದು ಬರುವ ತನಕ ಅದರ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮಾಡುವುದು ಆಧಾರ್‌ನ ಬಯೋಮೆಟ್ರಿಕ್ ಲಾಕ್. ಆಧಾರ್ ಆ್ಯಪ್‌ನಲ್ಲೋ ವೆಬ್‌ಸೈಟಿನಲ್ಲೋ ಹಾಕಿದರೆ ನಿಮ್ಮ ಬೆರಳು, ಕಣ್ಣು, ಮುಖದ ಗುರುತು ಎಲ್ಲೂ ನಡೆಯುವುದಿಲ್ಲ, ಸಿಮ್ ಅಂಗಡಿಯಲ್ಲೂ ಇಲ್ಲ. ಆದರೆ ರೇಷನ್ ಅಂಗಡಿಯ ಇ-ಪೋಸ್ ಮಿಷನ್ನಿಗೆ ಬೆರಳು ಇಟ್ಟರೂ ನಡೆಯುವುದಿಲ್ಲ, ಹೋಗುವ ಮೊದಲು ಸ್ವಲ್ಪ ಹೊತ್ತಿಗೆ ತೆರೆದುಕೊಳ್ಳಬೇಕು. ಕಾಗದದ ನಕಲಿ ಚೀಟಿ ಹಿಡಿದು ಬರುವವನನ್ನು ಇದು ತಡೆಯುವುದಿಲ್ಲ ಅನ್ನುವುದೂ ನಿಮಗೆ ಗೊತ್ತಿರಲಿ.

ಪ್ಲಾಸ್ಟಿಕ್ಕೇ ಇಲ್ಲದ ಇ-ಸಿಮ್ ಬಂದ ಮೇಲೆ ಕೆಲವು ಕಳ್ಳರು ಕೌಂಟರಿಗೂ ಹೋಗುವುದಿಲ್ಲ. ನಿಮಗೇ ಕರೆ ಮಾಡಿ, ನಿಮ್ಮ ಸಿಮ್ 5ಜಿ ಮಾಡುತ್ತಿದ್ದೇವೆ, ಈಗ ಒಂದು ಮೆಸೇಜು ಬರುತ್ತದೆ, ಅದಕ್ಕೆ ಒಂದು ಅಂತ ಉತ್ತರ ಕಳುಹಿಸಿ ಅನ್ನುತ್ತಾರೆ. ಆ ಒಂದು ಅಂದರೆ ನನ್ನ ಸಿಮ್ ಬದಲಿಸಿ ಅಂತ ನೀವೇ ಕೊಡುವ ಒಪ್ಪಿಗೆ. ನಂಬರ್ ಕಳ್ಳನ ಕೈಗೆ ಹೋಗಲು ಇನ್ನು ಕೌಂಟರಿನವನ ಸಹಾಯವೂ ಬೇಡ. ಕಂಪನಿಯ ಹತ್ತಿರ ನಿಮ್ಮ ಯಾವ ಇಮೇಲ್ ಇದೆ ಅಂತ ಒಮ್ಮೆ ನೋಡಿ, ಮಕ್ಕಳ ಹಳೆಯ ಇಮೇಲ್ ಇದ್ದರೆ ಬದಲಿಸಿ. ಇ-ಸಿಮ್‌ನ ಕ್ಯೂಆರ್ ಕೋಡ್ ಅಲ್ಲಿಗೇ ಹೋಗಬಹುದು.

ಇನ್ನು ಉಳಿದದ್ದು ನಂಬರ್ ಹೋದರೂ ಅದರಿಂದ ಜಾಸ್ತಿ ಬಾಗಿಲು ತೆರೆಯದ ಹಾಗೆ ಮಾಡುವುದು. ವಾಟ್ಸಾಪ್‌ನಲ್ಲಿ Two-step verification ಅಂತ ಇದೆ, ಅಲ್ಲಿ ಆರು ಅಂಕಿಯ ಪಿನ್ ಇಡಿ. ಆಗ ಎಸ್ಸೆಮ್ಮೆಸ್ ಕೋಡ್ ಕಳ್ಳನಿಗೆ ಸಿಕ್ಕಿದರೂ ಪಿನ್ ಇಲ್ಲದೆ ಕೂಡಲೇ ಒಳಗೆ ಬರಲಾಗುವುದಿಲ್ಲ. ಜಿಮೇಲ್‌ಗೆ ಎಸ್ಸೆಮ್ಮೆಸ್ ಬದಲು ಅಥೆಂಟಿಕೇಟರ್ ಆ್ಯಪ್ ಇಡಿ. ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಆ ಕೋಡ್ ಹುಟ್ಟುವುದೇ ನಿಮ್ಮ ಫೋನಿನ ಒಳಗೆ, ಕಂಪನಿಯ ಪಟ್ಟಿಯ ದಾರಿಯಲ್ಲಿ ಬರುವುದಿಲ್ಲ. ಹಾಗಾಗಿ ಸಿಮ್ ಬದಲಿಸಿದವನ ಕೈಗೆ ಅದು ಸಿಗುವುದಿಲ್ಲ. ಇದರಲ್ಲಿ ಜಿಮೇಲೇ ಮೊದಲು, ಯಾಕೆಂದರೆ ಬೇರೆ ಎಲ್ಲದರ ಪಾಸ್‌ವರ್ಡ್ ಮರೆತುಹೋಗಿದೆ ಅಂತ ಒತ್ತಿದರೆ ಲಿಂಕ್ ಹೋಗುವುದು ಅಲ್ಲಿಗೆ. ಬ್ಯಾಂಕುಗಳು ಮಾತ್ರ ಹೆಚ್ಚಾಗಿ ಎಸ್ಸೆಮ್ಮೆಸ್ಸನ್ನೇ ಹಿಡಿದುಕೊಂಡಿವೆ. ಅಲ್ಲಿ ನಮ್ಮ ಕೈಯಲ್ಲಿರುವುದು ದಿನಕ್ಕೆ ಎಷ್ಟು ಹಣ ಕಳುಹಿಸಬಹುದು ಅನ್ನುವ ಮಿತಿಯನ್ನು ಕಡಿಮೆ ಇಡುವುದು. ಮಾವನ ಎರಡು ಲಕ್ಷ ಉಳಿದದ್ದು ಅಂಥದ್ದೇ ಒಂದು ಮಿತಿಯಿಂದ ಅಂತ ಆಗಲೇ ಹೇಳಿದೆ.

ಮುಂದಿನ ಸಾಲಿನ ಅಕ್ಕ ಕೇಳುತ್ತಿದ್ದಾರೆ, ಮಗ ಅಮೆರಿಕದಲ್ಲಿದ್ದಾನೆ, ಅವನ ಊರಿನ ನಂಬರ್ ಇಲ್ಲಿ ತನ್ನ ಹಳೆಯ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ, ಅದಕ್ಕೆ ಏನು ಮಾಡಬೇಕು ಅಂತ. ಅಕ್ಕಾ, ಆ ನಂಬರಿಗೇ ಜಾಸ್ತಿ ಅಪಾಯ. ಅವನ ಎನ್‌ಆರ್‌ಐ ಖಾತೆಯ ಒಟಿಪಿ ಅದಕ್ಕೇ ಬರುವುದಾದರೆ, ಆ ಫೋನ್ ಕಪಾಟಿನಲ್ಲಿ ಆಫ್ ಆಗಿ ಬಿದ್ದಿದ್ದರೆ, ಸಿಮ್ ಬದಲಾದರೂ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಫೋನ್ ಚಾರ್ಜಿಗೆ ಹಾಕಿ ಆನ್ ಇಡಿ. ದಿನಾ ಬೆಳಿಗ್ಗೆ ನಿಮ್ಮ ಫೋನಿನಿಂದ ಅದಕ್ಕೊಂದು ಮಿಸ್ಡ್ ಕಾಲ್ ಕೊಡಿ, ಆ ಫೋನ್ ನಿಮ್ಮ ಕಣ್ಣೆದುರಿಗೇ ರಿಂಗ್ ಆಗಬೇಕು. ಅವನ ಅಮೆರಿಕದ ನಂಬರಿಗೆ ನಾನು ಹೇಳಿದ ಆ ಲಾಕ್ ಇದೆಯಾ ಅಂತ ಇವತ್ತು ರಾತ್ರಿ ಅವನು ಕರೆ ಮಾಡಿದಾಗ ಕೇಳಿ. ಊರಿಗೆ ಬಂದಾಗ ಬ್ಯಾಂಕಿಗೆ ಕರೆದುಕೊಂಡು ಹೋಗಿ, ಒಟಿಪಿ ಅವನ ಕೈಯಲ್ಲಿರುವ ನಂಬರಿಗೆ ಬರುವ ಹಾಗೆ ಮಾಡಲು ಆಗುತ್ತದಾ ಅಂತ ಕೇಳಿಸಿ. ಅವನು ಬರುವುದು ಕ್ರಿಸ್ಮಸ್ ರಜೆಗೆ ಅಂದಿರಲ್ಲ, ಅಲ್ಲಿಯ ತನಕ ಆ ಮಿಸ್ಡ್ ಕಾಲ್ ತಪ್ಪಿಸಬೇಡಿ.